ಹನ್ನೊಂದನೆಯ ಕಂಬ ಎಲ್ಲಿ ಹೋಯಿತು?



ನೀವು ಕಳಿಸಿದ ಮೂರು ಚೀಟಿಗಳನ್ನೂ ನೋಡಿದೆ. ಜಗಲಿಯ ಹತ್ತು ದುಂಡು ಕಂಬಗಳಿಗೆ ನಿಮ್ಮ ಮೊಮ್ಮಗಳು ಹಾಕಿದ ಲೆಕ್ಕದಲ್ಲಿ ಸಿಮೆಂಟು 30 ಚೀಲ, ನಾನು ಕೊಟ್ಟ ಚೀಟಿಯಲ್ಲಿ 34, ಮೇಸ್ತ್ರಿ ಬರೆದದ್ದರಲ್ಲಿ 39. "ಹತ್ತು ಕಂಬ ನಿಲ್ಲಿಸಿ ಹನ್ನೊಂದು ಕಂಬದ ಸಾಮಾನು ತರಿಸುತ್ತಿದ್ದೀರಲ್ಲ, ಆ ಹನ್ನೊಂದನೆಯದು ಎಲ್ಲಿದೆ?" ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ ಎಂದು ಬರೆಯುತ್ತಿದ್ದೇನೆ.

ಮೊದಲು ಮೊಮ್ಮಗಳ ಲೆಕ್ಕ. ಅದು ಸರಿಯಾಗಿಯೇ ಇದೆ. ಕಂಬದ ವ್ಯಾಸ 400 ಮಿ.ಮೀ., ಎತ್ತರ 3 ಮೀಟರ್. ಎತ್ತರ ಎಂದರೆ ಕೆಳಗಿನ ಸ್ಟಾರ್ಟರ್ ಸೇರಿಸಿ ಬೀಮಿನ ತಳದವರೆಗೆ. ಶಾಲೆಯಲ್ಲಿ ಕಲಿತ ಸೂತ್ರವೇ ಇಲ್ಲಿಗೂ ಸಾಕು:

V = π × r² × h = 3.14 × 0.2 × 0.2 × 3 = 0.377

ಒಂದು ಕಂಬಕ್ಕೆ 0.377 ಘನ ಮೀಟರ್, ಹತ್ತಕ್ಕೆ 3.77. ಇಲ್ಲಿ ಬಹಳ ಜನ ಎಡವುವುದು ತ್ರಿಜ್ಯದ ಜಾಗದಲ್ಲಿ ವ್ಯಾಸವನ್ನು ಹಾಕಿ. 0.2 ಬದಲು 0.4 ಹಾಕಿದರೆ ಉತ್ತರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಹುಡುಗಿ ಅಲ್ಲಿ ಎಡವಿಲ್ಲ.

ಮೇಸ್ತ್ರಿಯದು ಬೇರೆ ದಾರಿ. ಆತ ದುಂಡು ಕಂಬವನ್ನೂ ಚೌಕ ಎಂದೇ ಹಿಡಿದು 0.4 × 0.4 × 3 ಮಾಡಿದ್ದಾನೆ. ಹತ್ತು ಕಂಬಕ್ಕೆ 4.8 ಘನ ಮೀಟರ್ ಬಂತು. ಚೌಕದ ನಾಲ್ಕು ಮೂಲೆ ಕತ್ತರಿಸಿದರೆ ತಾನೆ ದುಂಡು? ಆ ಮೂಲೆಗಳ ಲೆಕ್ಕವೇ ಶೇ. 27ರಷ್ಟು ಹೆಚ್ಚುವರಿ. ಇದನ್ನು ಮೋಸ ಎನ್ನಲಾರೆ. "ಸಾಮಾನು ಕಮ್ಮಿ ಬಿದ್ದರೆ ಬೈಸಿಕೊಳ್ಳುವವನು ನಾನು" ಎಂಬ ಹಳೆಯ ಭಯ ಅದು. ಆದರೆ ದುಡ್ಡು ಹೋಗುವುದು ನಿಮ್ಮದು.

ಇನ್ನು ಘನ ಮೀಟರು ಚೀಲವಾಗುವ ಬಗೆ. ನಮ್ಮದು ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿಯ ಮಿಶ್ರಣ. ಒಂದು ಚೀಲ ಸಿಮೆಂಟು ಸುಮಾರು 35 ಲೀಟರ್, ಮರಳು 52, ಜಲ್ಲಿ 104. ಒಟ್ಟು 191 ಲೀಟರ್ ಒಣ ಸಾಮಾನು. ನೀರು ಹಾಕಿ ಕಲಸಿ ಗಟ್ಟಿಸಿದರೆ ಉಳಿಯುವುದು 124 ಲೀಟರ್ ಅಷ್ಟೆ. ಕಡಲೆಕಾಯಿ ತುಂಬಿದ ಸೇರಿಗೆ ರಾಗಿ ಸುರಿದರೆ ಸಂದಿಯೊಳಗೆ ಇಳಿದುಹೋಗುತ್ತದಲ್ಲ, ಹಾಗೆ. ಚೀಟಿಯಲ್ಲಿ ನಾನು 1.54ರಿಂದ ಗುಣಿಸಿದ್ದನ್ನು ನೋಡಿ "ಇಲ್ಲೇ ಅರ್ಧಕ್ಕರ್ಧ ಏರಿಸಿದ್ದೀರಿ" ಎಂದಿರಿ. ಅದು ವೇಸ್ಟೇಜ್ ಅಲ್ಲ, ಈ ಕುಗ್ಗುವಿಕೆಯ ಲೆಕ್ಕ. ಅದನ್ನು ಬಿಟ್ಟರೆ ಏಳನೇ ಕಂಬ ತುಂಬುವ ಮೊದಲೇ ಸಾಮಾನು ಮುಗಿದಿರುತ್ತದೆ.

ಚೀಲಕ್ಕೆ 124 ಲೀಟರ್ ಎಂದರೆ ಕಂಬಕ್ಕೆ ಮೂರು ಚೀಲ, ಹತ್ತಕ್ಕೆ ಮೂವತ್ತು. ಈ "ಕಂಬಕ್ಕೆ ಮೂರು ಚೀಲ" ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಹನ್ನೊಂದನೆಯ ಕಂಬ. ಹತ್ತು ಕಂಬದ ಮೇಲೆ ಶೇ. 10 ಎಂದರೆ ಸರಿಯಾಗಿ ಒಂದು ಕಂಬವೇ. ಹೋದ ವಾರ ಮೂರು ಕಂಬ ಹಾಕಿದಾಗ ಖಾಲಿ ಚೀಲ ಎಣಿಸಿದ್ದೀರಿ: ಒಂಬತ್ತಲ್ಲ, ಹತ್ತು. ಆ ಒಂದು ಚೀಲದ ಜಾಡು ಹಿಡಿದರೆ ಉತ್ತರ ಸಿಗುತ್ತದೆ.

ಶೀಟು ಬಿಚ್ಚಿದ ಮೇಲೆ ಕಂಬಕ್ಕೆ ಟೇಪು ಸುತ್ತಿ ನೋಡಿದೆ. 400 ಮಿ.ಮೀ. ವ್ಯಾಸಕ್ಕೆ ಸುತ್ತಳತೆ 1257 ಬರಬೇಕು, ಬಂದದ್ದು 1275. ದುಂಡು ಶೀಟು ಎರಡು ಹೋಳು ಸೇರಿಸಿ ಬೋಲ್ಟು ಬಿಗಿಯುವಂಥದ್ದು. ಹಸಿ ಕಾಂಕ್ರೀಟಿನ ಒತ್ತಡಕ್ಕೆ ಜೋಡಣೆ ಒಂದಿಷ್ಟು ಬಿಟ್ಟುಕೊಳ್ಳುತ್ತದೆ. ವ್ಯಾಸ ಹೆಚ್ಚಾದದ್ದು ಬರೀ ಆರು ಮಿ.ಮೀ. ಆದರೆ ಲೆಕ್ಕದಲ್ಲಿ ತ್ರಿಜ್ಯ ಎರಡು ಸಲ ಗುಣಿಸುತ್ತದೆಯಾದ್ದರಿಂದ ಕಾಂಕ್ರೀಟು ಶೇ. 3 ಹೆಚ್ಚು ಕುಡಿಯಿತು. ವ್ಯಾಸ ಹತ್ತು ಮಿ.ಮೀ. ಉಬ್ಬಿದ್ದರೆ ಶೇ. 5 ಆಗುತ್ತಿತ್ತು. ಅಂದರೆ ಹನ್ನೊಂದನೆಯ ಕಂಬದ ಒಂದು ಪಾಲು ಉಳಿದ ಹತ್ತರ ಮೈಮೇಲೆಯೇ ಇದೆ. ತೆಳ್ಳಗೆ ಸವರಿದ ಹಾಗೆ.

ಅವತ್ತು ಪರೀಕ್ಷೆಗೆಂದು ಆರು ಕ್ಯೂಬ್ ತುಂಬಿಸಿದ್ದೆ. ಒಂದೊಂದು ಕಡೆ 150 ಮಿ.ಮೀ., ಆರೂ ಸೇರಿ 20 ಲೀಟರ್. ಇದು ಉಬ್ಬಿದ್ದೂ ಕ್ಯೂಬೂ ಸೇರಿ ಆ ಚೀಲದ ಅರ್ಧಕ್ಕೆ ಸ್ವಲ್ಪ ಕಡಿಮೆ. ಮಿಕ್ಕ ಅರವತ್ತು ಲೀಟರಿನಷ್ಟು ಮಿಕ್ಸರ್ ಡ್ರಮ್ಮಿನ ಗೋಡೆಗೆ, ಬಾಂಡ್ಲಿಗಳಿಗೆ ಅಂಟಿದ್ದು, ಏಣಿ ಮೇಲೆ ಕೈ ಬದಲಾಗುವಾಗ ಚೆಲ್ಲಿದ್ದು, ಶೀಟಿನ ಸಂದಿಯಿಂದ ಸೋರಿದ ಹಾಲು. ಕೊನೆಯದು ಮಾತ್ರ ನನಗೆ ಸಹ್ಯವಲ್ಲ. ಸಿಮೆಂಟಿನ ಹಾಲು ಹೊರಗೆ ಹೋದ ಕಡೆ ಒಳಗೆ ಬರೀ ಜಲ್ಲಿ ಉಳಿದು ಜೇನುಗೂಡಿನ ಹಾಗೆ ತೂತು ಬೀಳುತ್ತದೆ. ಎರಡನೇ ಕಂಬದ ಬುಡದಲ್ಲಿ ಅಂಗೈಯಗಲ ಹಾಗೆ ಕಂಡಿದ್ದಕ್ಕೇ ಮುಂದಿನ ಸಲ ಜೋಡಣೆಗೆ ಫೋಮ್ ಪಟ್ಟಿ ಇಟ್ಟು ಬಿಗಿಯಿರಿ ಎಂದದ್ದು. ಆ ಬುಡವನ್ನು ಕೆತ್ತಿ ಸರಿಪಡಿಸುವ ತನಕ ಪ್ಲಾಸ್ಟರ್ ಮುಟ್ಟಲು ಬಿಡುವುದಿಲ್ಲ.

ನಿಮ್ಮ ಕಡೆಗೂ ಒಂದು ಮಾತಿದೆ. ಕಂಬದೊಳಗೆ ಆರು 16 ಎಂ.ಎಂ. ಕಂಬಿಗಳಿವೆ, ಅವು ಶೇ. 1ರಷ್ಟು ಜಾಗ ಹಿಡಿಯುತ್ತವೆ. ಅಳತೆಯಲ್ಲಿ ಅದನ್ನು ಕಳೆಯುವ ರೂಢಿಯಿಲ್ಲ, ಆದರೆ ನಿಜವಾಗಿ ಅಷ್ಟು ಕಾಂಕ್ರೀಟು ಉಳಿಯುತ್ತದೆ.

ಶೇ. 10 ಶಾಸನವೇನಲ್ಲ. ಅಗಲ ಸ್ಲ್ಯಾಬಿಗೆ ಇಷ್ಟು ಬೇಡ. ಸಣ್ಣ ಸಣ್ಣ ದುಂಡು ಕಂಬಕ್ಕೆ, ಕೈಯಲ್ಲಿ ಹೊತ್ತು ಹಾಕುವಾಗ, ಇದಕ್ಕಿಂತ ಕಡಿಮೆ ಹಿಡಿಯಲು ನನಗೆ ಧೈರ್ಯವಿಲ್ಲ. ಕಂಬ ಅರ್ಧಕ್ಕೆ ನಿಂತು ಯಾರೋ ಅಂಗಡಿಗೆ ಓಡಿದರೆ, ಅವನು ಬರುವಷ್ಟರಲ್ಲಿ ಕೆಳಗಿನದು ಬಿಗಿದುಕೊಂಡು ನಡುವೆ ಒಂದು ಸೀಳು ಜೋಡಣೆ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಇರುವುದಕ್ಕೇ ನೀರು ಹೊಯ್ದು ಹಿಗ್ಗಿಸುವುದು. ಅದೇ ಒಡೆಯದ ಚೀಲ ಉಳಿದರೆ ಪ್ಲಾಸ್ಟರಿಗೆ ಆಗುತ್ತದೆ, ಒಣಜಾಗದಲ್ಲಿಟ್ಟರೆ ಸಾಕು. ಆದರೆ ಈ ಹತ್ತನ್ನು ಒಂದೇ ಸಲ ಸೇರಿಸಬೇಕು. ಘನ ಮೀಟರಿಗೊಮ್ಮೆ, ಮತ್ತೆ ಚೀಲಕ್ಕೊಮ್ಮೆ ಸೇರಿಸುವವರಿದ್ದಾರೆ. ಆಗ ಅದು ಇಪ್ಪತ್ತೊಂದಾಗುತ್ತದೆ.

ಇದನ್ನು ನೀವು ಹೊರಬೇಕಾಗಿರುವುದು ಸಾಮಾನು ನಿಮ್ಮದು, ಕೂಲಿ ಮಾತ್ರ ಮೇಸ್ತ್ರಿಯದು ಎಂಬ ಒಪ್ಪಂದದಿಂದ. ಸಾಮಾನು ಸಮೇತ ಘನ ಮೀಟರಿಗಿಷ್ಟು ಎಂದು ಕೊಟ್ಟಿದ್ದರೆ ಅಳತೆಗೆ ಸಿಗುವ 3.77ಕ್ಕೆ ಮಾತ್ರ ಹಣ. ಚೆಲ್ಲಿದ್ದು ಅವನ ಪಾಲು. ದರದಲ್ಲಿ ಅದನ್ನು ಮೊದಲೇ ಸೇರಿಸಿಕೊಂಡಿರುತ್ತಾನೆ, ಅದು ಬೇರೆ ಮಾತು.

ಬುಧವಾರ ಬೆಳಿಗ್ಗೆ ಇನ್ನು ನಾಲ್ಕು ಕಂಬ. ನಾನು ಬರುವುದು ಹನ್ನೊಂದಾಗಬಹುದು. ಅಲ್ಲಿಯ ತನಕ ನೀವು ಕುರ್ಚಿ ಹಾಕಿಕೊಂಡು ಚೀಲ ಎಣಿಸಿ. ಒಂದು ಕಂಬಕ್ಕೆ ನಾಲ್ಕು ಚೀಲ ಹೋದರೆ ಶೀಟು ಬಿಟ್ಟಿದೆ ಅಥವಾ ಬುಡದಲ್ಲಿ ಸೋರುತ್ತಿದೆ. ಎರಡೂವರೆಗೇ ಕಂಬ ತುಂಬಿತೆಂದರೆ ಇನ್ನೂ ಕೆಟ್ಟದ್ದು: ಜಲ್ಲಿ ಹೆಚ್ಚಾಗಿದೆ, ಇಲ್ಲವೇ ವೈಬ್ರೇಟರ್ ಒಳಗೆ ಇಳಿದಿಲ್ಲ. ಎರಡರಲ್ಲಿ ಯಾವುದು ಕಂಡರೂ ಕೆಲಸ ನಿಲ್ಲಿಸಿ ನನಗೆ ಫೋನು ಮಾಡಿ. ನಾಲ್ಕು ಕಂಬಕ್ಕೆ ಹದಿನಾಲ್ಕನೆಯ ಚೀಲದ ಬಾಯಿ ಬಿಚ್ಚಬಹುದು, ಹದಿನೈದನೆಯದನ್ನು ನಾನು ಬರುವ ತನಕ ಬಿಚ್ಚಲು ಬಿಡಬೇಡಿ.

ಇತಿ ನಿಮ್ಮ ಸೈಟ್ ಎಂಜಿನಿಯರ್