ಮದುವೆ ಕಾರ್ಡ್‌ನಲ್ಲೇ ಪ್ರೆಸ್‌ಗೆ ಲಾಭ ಜಾಸ್ತಿ ಅನ್ನೋದು ನಿಜವೇ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನಂತಹ ಊರುಗಳ ಪ್ರೆಸ್‌ನಲ್ಲಿ ಒಂದೇ ಮಷಿನ್ ಮದುವೆ ಕಾರ್ಡನ್ನೂ ಅಚ್ಚು ಹಾಕುತ್ತದೆ, ಕರಪತ್ರವನ್ನೂ ಅಚ್ಚು ಹಾಕುತ್ತದೆ. ಕಾರ್ಡ್‌ಗೆ ಒಳ್ಳೆ ರೇಟ್ ಸಿಗುತ್ತದೆ, ಹಾಗಾಗಿ ಲಾಭವೂ ಅದರಲ್ಲೇ ಎಂದು ಅನೇಕರು ನಂಬುತ್ತಾರೆ. ಇದನ್ನು ಒಂದು ಕಾಲ್ಪನಿಕ ಪ್ರೆಸ್‌ನ ಲೆಕ್ಕದಿಂದ ಪರೀಕ್ಷಿಸೋಣ.

ಕಾಗದ, ಇಂಕ್, ಪ್ಲೇಟ್ ಬಿಟ್ಟು ತಿಂಗಳ ಮೇಲ್ಖರ್ಚು 60,000 ರೂಪಾಯಿ ಎಂದುಕೊಳ್ಳಿ. ಆ ತಿಂಗಳು 500 ಪ್ರತಿಗಳ 40 ಮದುವೆ ಕಾರ್ಡ್ ಆರ್ಡರ್, 10,000 ಪ್ರತಿಗಳ 10 ಕರಪತ್ರದ ಆರ್ಡರ್ ಬಂದಿವೆ. ಒಟ್ಟು 1,20,000 ಪ್ರತಿ. ಸಾಮಾನ್ಯ ಲೆಕ್ಕದಲ್ಲಿ ಭಾಗಿಸಿದರೆ ಪ್ರತಿಯೊಂದಕ್ಕೂ 50 ಪೈಸೆ. ಕಾರ್ಡ್‌ಗಳ ಪಾಲಿಗೆ ಬರುವುದು ಬರೀ 10,000 ರೂಪಾಯಿ.

ಆದರೆ ಖರ್ಚು ಹುಟ್ಟುವುದು ಪ್ರತಿಗಳಿಂದ ಮಾತ್ರವಲ್ಲ. 1980ರ ದಶಕದಲ್ಲಿ ಹಾರ್ವರ್ಡ್‌ನ ರಾಬಿನ್ ಕೂಪರ್ ಮತ್ತು ರಾಬರ್ಟ್ ಕಪ್ಲನ್ ಇದನ್ನೇ ಎತ್ತಿ ತೋರಿಸಿದರು. ಯಾವ ಕೆಲಸಕ್ಕೆ ಎಷ್ಟು ಖರ್ಚು, ಆ ಕೆಲಸವನ್ನು ಯಾವ ಆರ್ಡರ್ ಎಷ್ಟು ಸಲ ಮಾಡಿಸಿತು ಎಂದು ಎಣಿಸುವ ಈ ವಿಧಾನಕ್ಕೆ ಆಕ್ಟಿವಿಟಿ ಬೇಸ್ಡ್ ಕಾಸ್ಟಿಂಗ್ ಎನ್ನುತ್ತಾರೆ.

ನಮ್ಮ ಪ್ರೆಸ್‌ನಲ್ಲಿ ಡಿಟಿಪಿ ಮತ್ತು ಪ್ರೂಫ್ ತಿದ್ದಲು 18,000 ರೂಪಾಯಿ ಹೋಗುತ್ತದೆ. ಕಾರ್ಡ್ ಅಂದರೆ ಗೊತ್ತಲ್ಲ, ಕಾಕಾನ ಹೆಸರು ಬಿಟ್ಟಿದೆ, ಮುಹೂರ್ತ ತಪ್ಪಿದೆ ಎಂದು ನಾಲ್ಕು ಸಲ ಪ್ರೂಫ್ ತೆಗೆಯಬೇಕು. ಕರಪತ್ರಕ್ಕೆ ಎರಡು ಸಾಕು. ಒಟ್ಟು 180 ಪ್ರೂಫ್, ಒಂದಕ್ಕೆ 100 ರೂಪಾಯಿ. ಅದರಲ್ಲಿ 160 ಕಾರ್ಡ್‌ನವೇ. ಪ್ಲೇಟ್ ಕಟ್ಟಿ, ರೋಲರ್ ತೊಳೆದು ಮಷಿನ್ ಸಜ್ಜು ಮಾಡಲು 12,000. ಆರ್ಡರ್‌ಗೆ ಒಂದರಂತೆ 50 ಸಲ, ಸಲಕ್ಕೆ 240 ರೂಪಾಯಿ. ಉಳಿದ 30,000 ಮಷಿನ್ ಓಡಿಸಲು; ಅದು ಮಾತ್ರ ಪ್ರತಿಗಳ ಲೆಕ್ಕಕ್ಕೆ, ಅಂದರೆ ತಲಾ 25 ಪೈಸೆ.

ಈಗ ಕಾರ್ಡ್‌ಗಳ ಪಾಲು ಪ್ರೂಫ್‌ಗೆ 16,000, ಸಜ್ಜಿಗೆ 9,600, ಓಟಕ್ಕೆ 5,000, ಒಟ್ಟು 30,600 ರೂಪಾಯಿ. ಒಂದು ಕಾರ್ಡ್‌ಗೆ 50 ಪೈಸೆ ಅಲ್ಲ, 1 ರೂಪಾಯಿ 53 ಪೈಸೆ. ಕರಪತ್ರದ್ದು 29 ಪೈಸೆಯ ಆಸುಪಾಸು. ಹಳೆಯ ಲೆಕ್ಕ ನಂಬಿದ ಮಾಲೀಕರು ಕರಪತ್ರಕ್ಕೆ ಹೆಚ್ಚು ರೇಟ್ ಹೇಳಿ, ಆ ಆರ್ಡರ್ ಹುಬ್ಬಳ್ಳಿಗೋ ಗದಗಕ್ಕೋ ಹೋಗುವುದನ್ನು ನೋಡುತ್ತಾರೆ. ಮದುವೆ ಸೀಸನ್‌ನಲ್ಲಿ ರಾತ್ರಿಯೆಲ್ಲ ಕೆಲಸ, ಗಲ್ಲಾ ಮಾತ್ರ ತುಂಬುವುದಿಲ್ಲ. ಲೆಕ್ಕ ತಪ್ಪಿದೆ ಎನ್ನಲು ಇದೇ ಗುರುತು.

ಹಾಗಂತ ಕಾರ್ಡ್ ಬಿಟ್ಟರೆ 30,600 ಉಳಿಯುತ್ತದೆಯೇ? ಇಲ್ಲ. ಬಾಡಿಗೆ, ಡಿಟಿಪಿ ಆಪರೇಟರ್ ಸಂಬಳ ಕೊಡಲೇಬೇಕು. ಮೂರನೇ ಪ್ರೂಫ್‌ನಿಂದ ಹಣ ಕೇಳುವುದು, ಒಂದೇ ಬಣ್ಣದ ಕಾರ್ಡ್‌ಗಳನ್ನು ಒಂದೇ ದಿನ ಹಾಕಿ ರೋಲರ್ ತೊಳೆಯುವುದನ್ನು ತಪ್ಪಿಸುವುದು ಹೆಚ್ಚು ಉಪಯೋಗ. ಇನ್ನೊಂದು ಎಚ್ಚರ: ಮದುವೆಗಳಿಲ್ಲದ ಆಷಾಢದ ಅಂಕಿ ಹಿಡಿದು ಈ ದರ ಕಟ್ಟಬೇಡಿ. ಖಾಲಿ ಕೂತ ಮಷಿನ್‌ನ ಖರ್ಚೂ ಬಂದ ನಾಲ್ಕು ಆರ್ಡರ್‌ಗಳ ತಲೆಗೇ ಬೀಳುತ್ತದೆ.