ಎಪ್ಪತ್ತು ಲಕ್ಷವೋ, ಇಪ್ಪತ್ತು ಲಕ್ಷವೋ?

ಬೆಂಗಳೂರಿನ ಬೆಳ್ಳಂದೂರಿನಲ್ಲಿ ಕೆಲಸ ಮಾಡುವ, ಶಿವಮೊಗ್ಗ ಕಡೆಯ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಇದ್ದಾಳೆ ಎಂದಿಟ್ಟುಕೊಳ್ಳಿ. ವಯಸ್ಸು ಇಪ್ಪತ್ತೊಂಬತ್ತು, ಇನ್ನೂ ಒಂಟಿ. ಅವಳ ಕೈಯಲ್ಲಿ ಎರಡು ಆಫರ್ ಲೆಟರ್‌ಗಳಿವೆ. ಒಂದು ಬೆಂಗಳೂರಿನದೇ, ಸಿಟಿಸಿ 30 ಲಕ್ಷ ರೂಪಾಯಿ. ಇನ್ನೊಂದು ಜರ್ಮನಿಯ ಮ್ಯೂನಿಕ್ ನಗರದ್ದು, ವರ್ಷಕ್ಕೆ 70,000 ಯೂರೊ.

ಫೋನಿನಲ್ಲಿ ಸುದ್ದಿ ಕೇಳಿದ ಅಪ್ಪನ ಮೊದಲ ಪ್ರಶ್ನೆ: "ಎಷ್ಟಾಯ್ತಮ್ಮಾ ಅದು, ನಮ್ಮ ದುಡ್ಡಲ್ಲಿ?" ಲೆಕ್ಕ ಸುಲಭವಾಗಲೆಂದು ಯೂರೊಗೆ 100 ರೂಪಾಯಿ ಹಿಡಿಯೋಣ. ಎಪ್ಪತ್ತು ಲಕ್ಷ! ಬೆಂಗಳೂರಿನದರ ಎರಡರಷ್ಟಕ್ಕೂ ಮೀರಿತು. ಅಪ್ಪನ ಮಟ್ಟಿಗೆ ಚರ್ಚೆ ಅಲ್ಲಿಗೇ ಮುಗಿಯಿತು. ಮರುದಿನ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬ ತಣ್ಣೀರೆರಚಿದ: "ಪಿಪಿಪಿ ಹಾಕಿ ನೋಡು. ನಿನ್ನ ಎಪ್ಪತ್ತು ಲಕ್ಷ ಇಲ್ಲಿನ ಇಪ್ಪತ್ತು ಲಕ್ಷಕ್ಕೆ ಸಮ. ಹೋದರೆ ನಿನಗೇ ಲುಕ್ಸಾನು."

ಅಪ್ಪನ ಗುಣಾಕಾರವೂ ಸರಿ, ಸಹೋದ್ಯೋಗಿಯ ಗುಣಾಕಾರವೂ ಸರಿ. ಉತ್ತರಗಳ ನಡುವೆ ಮಾತ್ರ ಐವತ್ತು ಲಕ್ಷದ ಕಂದಕ.

ಪಿಪಿಪಿ ಎಂದರೆ ಕೊಳ್ಳುವ ಶಕ್ತಿಯ ಸಮಾನತೆ. ಈ ಹೆಸರನ್ನು ಚಾಲ್ತಿಗೆ ತಂದವನು ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ತಾವ್ ಕ್ಯಾಸೆಲ್, ಮೊದಲ ಮಹಾಯುದ್ಧದ ಕಾಲದಲ್ಲಿ. ಮೂಲ ಪ್ರಶ್ನೆ ಬಹಳ ಸರಳ: ಒಂದೇ ಬಗೆಯ ಸಾಮಾನಿನ ಬುಟ್ಟಿಯನ್ನು ಎರಡು ದೇಶಗಳಲ್ಲಿ ಕೊಂಡರೆ ಅಲ್ಲಿ ಎಷ್ಟು, ಇಲ್ಲಿ ಎಷ್ಟು? ವಿಶ್ವಬ್ಯಾಂಕಿನ ನೇತೃತ್ವದಲ್ಲಿ ನಡೆಯುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡುತ್ತದೆ. ದೇಶ ದೇಶಗಳಿಂದ ಅಕ್ಕಿ, ಬಾಡಿಗೆ, ಚಪ್ಪಲಿ, ಸಿಮೆಂಟು ಎಲ್ಲದರ ಬೆಲೆ ತರಿಸಿ ಲೆಕ್ಕ ಹಾಕುತ್ತದೆ. 2017ನೇ ವರ್ಷದ ಲೆಕ್ಕದ ಪ್ರಕಾರ, ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಭಾರತದಲ್ಲಿ 20 ರೂಪಾಯಿ 65 ಪೈಸೆಗೆ ಸಿಗುತ್ತಿತ್ತು. ಆ ವರ್ಷ ಬ್ಯಾಂಕಿನಲ್ಲಿ ಡಾಲರಿನ ಬೆಲೆ 65 ರೂಪಾಯಿ. ಜರ್ಮನಿಯಲ್ಲಿ ಅಷ್ಟೇ ಸಾಮಾನಿಗೆ ಸುಮಾರು 0.74 ಯೂರೊ. ಎರಡನ್ನೂ ಹೊಂದಿಸಿದರೆ ಯೂರೊಗೆ ಹತ್ತಿರಹತ್ತಿರ 28 ರೂಪಾಯಿ. ಸಹೋದ್ಯೋಗಿ 70,000ವನ್ನು ಗುಣಿಸಿದ್ದು ಇದರಿಂದಲೇ.

ಇಷ್ಟೊಂದು ಅಂತರ ಏಕೆ? ಶಿವಮೊಗ್ಗದ ಕ್ಷೌರಿಕನಿಗೂ ಮ್ಯೂನಿಕ್‌ನ ಕ್ಷೌರಿಕನಿಗೂ ಒಂದು ತಲೆಗೆ ಹಿಡಿಯುವ ಹೊತ್ತು ಒಂದೇ, ಕತ್ತರಿಯೂ ಒಂದೇ. ಆದರೆ ಮ್ಯೂನಿಕ್‌ನಲ್ಲಿ ಕಾರು ಕಾರ್ಖಾನೆ ದೊಡ್ಡ ಸಂಬಳ ಕೊಡುತ್ತದೆ. ಅಲ್ಲಿ ಕತ್ತರಿ ಹಿಡಿದವನಿಗೂ ಅದಕ್ಕೆ ಸರಿಗಟ್ಟುವಂತೆ ಸಿಗದಿದ್ದರೆ ಆತ ಅಂಗಡಿ ಮುಚ್ಚಿ ಬೇರೆ ಕೆಲಸ ಹುಡುಕುತ್ತಾನೆ. ಹಾಗಾಗಿ ಅಲ್ಲಿ ಕ್ಷೌರ, ಅಡುಗೆ, ಮನೆಗೆಲಸ, ನಲ್ಲಿ ರಿಪೇರಿ ಎಲ್ಲವೂ ದುಬಾರಿ. ಹಡಗು ಹತ್ತಿ ಬರುವ ಸಾಮಾನಿಗೆ ಈ ಸೂತ್ರ ಅನ್ವಯಿಸುವುದಿಲ್ಲ. ಲ್ಯಾಪ್‌ಟಾಪು, ಐಫೋನು ಇಲ್ಲೇನೂ ಮೂರನೇ ಒಂದು ಬೆಲೆಗೆ ಸಿಗುವುದಿಲ್ಲವಲ್ಲ. ಅಂದರೆ ಭಾರತ ಅಗ್ಗ ಎನ್ನುವ ಮಾತಿನಲ್ಲಿ ಬಹುಪಾಲು, ಇಲ್ಲಿ ಇನ್ನೊಬ್ಬರ ದುಡಿಮೆ ಅಗ್ಗ ಎಂದಷ್ಟೇ ಅರ್ಥ.

ಸಹೋದ್ಯೋಗಿ ಎಡವಿದ್ದೂ ಇಲ್ಲೇ. ಅವನು ಹಿಡಿದ 28 ರೂಪಾಯಿಯ ದರ ಇಡೀ ದೇಶದ ಆರ್ಥಿಕತೆಯದು. ಆ ಬುಟ್ಟಿಯಲ್ಲಿ ಸೇತುವೆ ಕಟ್ಟುವ ಖರ್ಚಿದೆ, ಸರ್ಕಾರಿ ಮೇಷ್ಟ್ರ ಸಂಬಳವಿದೆ, ಹಳ್ಳಿಯ ಮನೆಬಾಡಿಗೆಯೂ ಇದೆ. ಬೆಳ್ಳಂದೂರಿನಲ್ಲಿ ಬಾಡಿಗೆ ಕಟ್ಟಿ, ಆ್ಯಪ್‌ನಲ್ಲಿ ಊಟ ತರಿಸಿ, ವರ್ಷಕ್ಕೊಮ್ಮೆ ಪ್ರವಾಸ ಹೋಗುವವಳ ಬುಟ್ಟಿ ಅದಲ್ಲ. ಮ್ಯೂನಿಕ್ ಕೂಡ ಸರಾಸರಿ ಜರ್ಮನಿಯಲ್ಲ, ಆ ದೇಶದಲ್ಲೇ ಬಾಡಿಗೆ ಅತಿ ಹೆಚ್ಚಿರುವ ಊರುಗಳಲ್ಲಿ ಅದೊಂದು.

ಹಾಗಾದರೆ ಅವಳದೇ ಲೆಕ್ಕ ಹಾಕಿ ನೋಡೋಣ. ಮೊದಲು ಕೈಗೆ ಬರುವ ಸಂಬಳ, ಏಕೆಂದರೆ ಎರಡು ಪತ್ರಗಳೂ ಮಾತಾಡುವ ಭಾಷೆ ಬೇರೆ ಬೇರೆ. ಸಿಟಿಸಿ ಎಂಬುದು ಕಂಪನಿಗೆ ತಗಲುವ ಒಟ್ಟು ಖರ್ಚು, ಸಂಬಳವಲ್ಲ. ಆ 30 ಲಕ್ಷದಲ್ಲಿ 3 ಲಕ್ಷ ವರ್ಷದ ಕೊನೆಯ ವೇರಿಯಬಲ್ ಪೇ, ಬಂದರೆ ಬಂತು. ಮೂಲ ವೇತನ ಹನ್ನೆರಡೂವರೆ ಲಕ್ಷವಾದರೆ ಕಂಪನಿಯ ಪಾಲಿನ ಪಿಎಫ್ ಒಂದೂವರೆ ಲಕ್ಷ, ಗ್ರಾಚ್ಯುಟಿ ಲೆಕ್ಕದಲ್ಲಿ ಸುಮಾರು 60 ಸಾವಿರ. ಇವನ್ನೆಲ್ಲ ಕಳೆದರೆ ಉಳಿಯುವುದು 24 ಲಕ್ಷ 90 ಸಾವಿರ. ಅದರಲ್ಲಿ ಹೊಸ ಪದ್ಧತಿಯ ಆದಾಯ ತೆರಿಗೆ ಸುಮಾರು 3 ಲಕ್ಷ 17 ಸಾವಿರ, ಅವಳದೇ ಪಾಲಿನ ಪಿಎಫ್ ಮತ್ತೊಂದು ಒಂದೂವರೆ ಲಕ್ಷ ಹೋಗುತ್ತದೆ. ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವುದು 1 ಲಕ್ಷ 68 ಸಾವಿರ.

ಜರ್ಮನಿಯ ಪತ್ರದಲ್ಲಿ ಕಂಪನಿ ಪಾಲಿನ ಪಿಂಚಣಿ, ಆರೋಗ್ಯ ವಿಮೆಗಳು ಸೇರಿರುವುದಿಲ್ಲ. 70,000 ಪೂರ್ತಿ ಸಂಬಳವೇ. ಆದರೆ ಕಡಿತ ಜೋರು. ಅವಿವಾಹಿತರ ತೆರಿಗೆ ವರ್ಗದಲ್ಲಿ ಆದಾಯ ತೆರಿಗೆ, ಪಿಂಚಣಿಗೆ 9.3 ಶೇಕಡಾ, ಜೊತೆಗೆ ಆರೋಗ್ಯ, ನಿರುದ್ಯೋಗ ಮತ್ತು ಆರೈಕೆ ವಿಮೆ ಎಲ್ಲ ಹೋಗಿ ಕೈಗೆ ತಿಂಗಳಿಗೆ ಸುಮಾರು 3,500 ಯೂರೊ. ಅಪ್ಪನ ಎಪ್ಪತ್ತು ಲಕ್ಷ ಇಲ್ಲಿಗೇ 42 ಲಕ್ಷಕ್ಕೆ ಇಳಿಯಿತು.

ಇನ್ನು ಖರ್ಚು. ಬೆಂಗಳೂರಿನಲ್ಲಿ ಬಾಡಿಗೆ, ಮೇಂಟೆನೆನ್ಸ್ 35,000. ದಿನಸಿ ತರಕಾರಿಗೆ 10,000, ಅಡುಗೆಯವರಿಗೂ ಮನೆಗೆಲಸದವರಿಗೂ 8,000, ಓಡಾಟಕ್ಕೆ 8,000, ಹೋಟೆಲಿಗೆ 10,000, ಫೋನು ಕರೆಂಟಿಗೆ 4,000, ಬಟ್ಟೆ ಮತ್ತು ತಿರುಗಾಟಕ್ಕೆ 13,000. ಒಟ್ಟು 88,000.

ಮ್ಯೂನಿಕ್‌ನಲ್ಲಿ ಒಂದು ಕೋಣೆಯ ಮನೆಗೆ 'ವಾರ್ಮ್' ಬಾಡಿಗೆ 1,400 ಯೂರೊ ಎಂದು ಹಿಡಿಯೋಣ. ಜಾಹೀರಾತಿನಲ್ಲಿ ಕಾಣುವ 'ಕೋಲ್ಡ್' ಬಾಡಿಗೆ ನೋಡಿ ಹಿಗ್ಗಿದವರು ಮೋಸ ಹೋಗುತ್ತಾರೆ. ಅದರ ಮೇಲೆ ಹೀಟಿಂಗ್, ನೀರು, ಕಸದ ಖರ್ಚು ಸೇರಿದಾಗಲೇ ಅದು ವಾರ್ಮ್ ಆಗುವುದು. ದಿನಸಿಗೆ 300, ಹೊರಗಿನ ಊಟಕ್ಕೆ 200. ರೈಲು ಬಸ್ಸಿನ ಪಾಸು, ಫೋನು, ಕರೆಂಟು, ಜೊತೆಗೆ ಮನೆಯಲ್ಲಿ ಟಿವಿ ಇರಲಿ ಬಿಡಲಿ ಕಟ್ಟಲೇಬೇಕಾದ 18.36 ಯೂರೊ ಪ್ರಸಾರ ಶುಲ್ಕ, ಎಲ್ಲ ಸೇರಿ 170. ಬಟ್ಟೆ, ತಿರುಗಾಟಕ್ಕೆ 205. ವರ್ಷಕ್ಕೊಮ್ಮೆ ಊರಿಗೆ ಬರುವ ವಿಮಾನದ ಟಿಕೆಟ್ಟನ್ನು ಹನ್ನೆರಡು ಪಾಲು ಮಾಡಿದರೆ 75. ಒಟ್ಟು 2,350 ಯೂರೊ. ಅಡುಗೆಯವರು ಈ ಪಟ್ಟಿಯಲ್ಲಿಲ್ಲ. ಅಲ್ಲಿ ಪಾತ್ರೆ ತೊಳೆಯುವುದೂ ಅವಳೇ.

ಈ ಎರಡು ಒಟ್ಟು ಮೊತ್ತಗಳನ್ನು ಪಕ್ಕಪಕ್ಕ ಇಡಿ. ಮ್ಯೂನಿಕ್‌ನ 2,350 ಯೂರೊ ಬದುಕಿಗೆ ಬೆಂಗಳೂರಿನಲ್ಲಿ 88,000 ರೂಪಾಯಿ. ಭಾಗಿಸಿದರೆ ಯೂರೊಗೆ 37 ರೂಪಾಯಿ ಚಿಲ್ಲರೆ. ಇದು ಅವಳ ಸ್ವಂತ ಪಿಪಿಪಿ. ವಿಶ್ವಬ್ಯಾಂಕಿನ 28 ಅಲ್ಲ, ಬ್ಯಾಂಕಿನ 100ಕ್ಕಂತೂ ಹತ್ತಿರವೂ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಲೆಕ್ಕವೇ ಆಯಿತು. ಈ 37ರ ದರ ಅಲ್ಲಿ ಖರ್ಚಾಗುವ ದುಡ್ಡಿಗೆ ಮಾತ್ರ ಸಲ್ಲುತ್ತದೆ. ಮಿಕ್ಕ 1,150 ಯೂರೊ ಶಿವಮೊಗ್ಗಕ್ಕೆ ಬಂದರೆ, ಅಪ್ಪನ ಗೃಹಸಾಲದ ಕಂತಿಗೆ ಹೋದರೆ, ಬ್ಯಾಂಕು ಪಿಪಿಪಿ ಕೇಳುವುದಿಲ್ಲ, ಪೂರ್ತಿ 100ರ ದರದಲ್ಲೇ ಜಮಾ ಮಾಡಿಕೊಳ್ಳುತ್ತದೆ. ಅಂದರೆ ತಿಂಗಳಿಗೆ 1 ಲಕ್ಷ 15 ಸಾವಿರ ಉಳಿತಾಯ. ಒಂದೇ ಸಂಬಳಕ್ಕೆ ಎರಡು ದರ: ಅಲ್ಲಿ ಉಂಡಿದ್ದಕ್ಕೆ ಅಲ್ಲಿನ ಬೆಲೆ, ಇಲ್ಲಿಗೆ ಬಂದದ್ದಕ್ಕೆ ವಿನಿಮಯ ದರ.

ಬೆಂಗಳೂರಿನಲ್ಲಿ ಉಳಿಯುವುದು 80 ಸಾವಿರ. ಎರಡೂ ಕಡೆಯ ಪಿಎಫ್ ತಿಂಗಳಿಗೆ 25 ಸಾವಿರವಾಗುವುದರಿಂದ ಅದನ್ನೂ ಸೇರಿಸಿದರೆ 1 ಲಕ್ಷ 5 ಸಾವಿರ. ಎಪ್ಪತ್ತಕ್ಕೂ ಮೂವತ್ತಕ್ಕೂ ಇದ್ದ ನಲವತ್ತು ಲಕ್ಷದ ಅಂತರ ಕೊನೆಗೆ ತಿಂಗಳಿಗೆ ಹತ್ತು ಸಾವಿರಕ್ಕೆ ಬಂದು ನಿಂತಿತು. ಜರ್ಮನಿಯ ಪಿಂಚಣಿಗೆ ಅವಳೂ ಕಂಪನಿಯೂ ತಿಂಗಳಿಗೆ ತಲಾ 540 ಯೂರೊ ಕಟ್ಟುತ್ತಾರೆ, ಅದೇನೂ ನೀರಿಗೆ ಬೀಳುವುದಿಲ್ಲ. ಐದು ವರ್ಷ ಕಟ್ಟಿದರೆ ಪಿಂಚಣಿಯ ಹಕ್ಕು ಹುಟ್ಟುತ್ತದೆ. ಆದರೆ ಕೈಗೆ ಬರುವುದು ನಿವೃತ್ತಿಯ ವಯಸ್ಸಿಗೆ. ಇಪ್ಪತ್ತೊಂಬತ್ತರವಳಿಗೆ ಅದರ ಬೆಲೆ ಎಷ್ಟು ಎಂಬುದನ್ನು ಅವಳೇ ಹೇಳಬೇಕು.

ಈ ಎರಡು ದರಗಳ ಗುಟ್ಟು ನಮ್ಮ ಕರಾವಳಿಯವರಿಗೆ ಹೊಸತಲ್ಲ. ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫಿಗೆ ಹೋದ ತಲೆಮಾರು ಪಿಪಿಪಿಯ ಹೆಸರೂ ಕೇಳದೆ ಇದನ್ನು ಬದುಕಿ ತೋರಿಸಿದೆ. ಕಂಪನಿ ಕೊಟ್ಟ ಕೋಣೆಯಲ್ಲಿ ಐದಾರು ಜನ ಹಂಚಿಕೊಂಡು ಮಲಗಿ, ಸಂಬಳದ ಬಹುಪಾಲನ್ನು ಊರಿಗೆ ಕಳಿಸುವವರಿಗೆ ಅಲ್ಲಿನ ಬೆಲೆ ಕಟ್ಟಿಕೊಂಡು ಆಗಬೇಕಾದ್ದು ಕಡಿಮೆ. ಯುಎಇಯಲ್ಲಿ ಸಂಬಳಕ್ಕೆ ಆದಾಯ ತೆರಿಗೆಯಿಲ್ಲ, ದಿರ್ಹಮ್ಮನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ. ಹಾಗಾಗಿ ನೇರ ಗುಣಾಕಾರವೇ ಅವರ ಪಾಲಿಗೆ ಹೆಚ್ಚು ನಿಜ. ಅದೇ ದುಬೈಗೆ ಹೆಂಡತಿ ಮಕ್ಕಳನ್ನು ಕರೆದೊಯ್ದು ಮನೆ ಹಿಡಿದು, ಶಾಲೆಯ ಫೀಸು ಕಟ್ಟಲು ತೊಡಗಿದ ದಿನದಿಂದ ಅವರ ದರವೂ ಬದಲಾಗುತ್ತದೆ.

ಜರ್ಮನಿಯಲ್ಲಿ ಸಂಸಾರದ ಲೆಕ್ಕ ತಿರುಗುವುದು ಇನ್ನೊಂದು ದಿಕ್ಕಿಗೆ. ದುಡಿಮೆಯಿಲ್ಲದ ಸಂಗಾತಿ ಇದ್ದರೆ ತೆರಿಗೆ ವರ್ಗ ಬದಲಾಗಿ ಕಡಿತ ಇಳಿಯುತ್ತದೆ, ಸಾರ್ವಜನಿಕ ಆರೋಗ್ಯ ವಿಮೆ ಬೇರೆ ಕಂತಿಲ್ಲದೆ ಸಂಗಾತಿಗೂ ಮಕ್ಕಳಿಗೂ ವಿಸ್ತರಿಸುತ್ತದೆ, ಸರ್ಕಾರಿ ಶಾಲೆಗೆ ಫೀಸಿಲ್ಲ, ಪ್ರತಿ ಮಗುವಿಗೂ ಸರ್ಕಾರವೇ ತಿಂಗಳ ಭತ್ಯೆ ಕೊಡುತ್ತದೆ. ಬೆಂಗಳೂರಿನಲ್ಲಿ ಖಾಸಗಿ ಶಾಲೆಯ ಫೀಸು ಕಟ್ಟುವವರಿಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ. ಪಿಪಿಪಿಯ ಒಂದು ಅಂಕಿಯಿಂದ ಇದ್ಯಾವುದೂ ತಿಳಿಯುವುದಿಲ್ಲ.

ನಮ್ಮ ಎಂಜಿನಿಯರ್‌ಗೆ ಸದ್ಯ ಸಂಸಾರದ ಚಿಂತೆಯಿಲ್ಲ. ಅವಳ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಬಾಡಿಗೆ. 1,400 ಯೂರೊದ ಸ್ವಂತ ಮನೆಯ ಬದಲು ಇನ್ನಿಬ್ಬರ ಜೊತೆ ಹಂಚಿಕೊಂಡ ಫ್ಲಾಟಿನಲ್ಲಿ 800 ಯೂರೊಗೆ ಕೋಣೆ ಸಿಕ್ಕರೆ ಉಳಿತಾಯ ತಿಂಗಳಿಗೆ 1 ಲಕ್ಷ 75 ಸಾವಿರಕ್ಕೆ ಏರುತ್ತದೆ. ಆಗ ಮ್ಯೂನಿಕ್ ಆಫರೇ ಮೇಲು, ಅನುಮಾನವಿಲ್ಲ. ಸಹಿ ಹಾಕುವ ಮುನ್ನ ಅವಳು ಕಂಪನಿಯ ಎಚ್‌ಆರ್‌ನವರನ್ನು ಕೇಳಬೇಕಾದ ಪ್ರಶ್ನೆಯೂ ಇದೇ: ಮೊದಲ ಆರು ತಿಂಗಳು ಇರಲು ಜಾಗ ಎಲ್ಲಿ, ಅದರ ವಾರ್ಮ್ ಬಾಡಿಗೆ ಎಷ್ಟು?