ಹರಾಜಿನಲ್ಲಿ ಗೆದ್ದವರೇ ಸೋಲೋದು ಯಾಕೆ?

ಹರಾಜಿನಲ್ಲಿ ಗೆದ್ದ ಮೇಲೂ ನಷ್ಟ ಆಗೋದು ಯಾಕೆ ಗೊತ್ತಾ?
1969, ಅಲಾಸ್ಕಾ.
ತೈಲ ತೆಗೆಯುವ ಜಾಗಗಳಿಗೆ ಮುಚ್ಚಿದ ಲಕೋಟೆಯ ಹರಾಜು.
ಗೆದ್ದ ಬಿಡ್‌ಗಳ ಮೊತ್ತ ಸುಮಾರು 90 ಕೋಟಿ ಡಾಲರ್.
ಎರಡನೇ ಸ್ಥಾನದ ಬಿಡ್‌ಗಳದ್ದು ಬರೀ 37 ಕೋಟಿ!
ನೆಲದೊಳಗಿನ ಎಣ್ಣೆ ಯಾರು ತೆಗೆದರೂ ಅಷ್ಟೇ.
ವ್ಯತ್ಯಾಸ ಇದ್ದದ್ದು ಅಂದಾಜಿನಲ್ಲಿ.
ಹಲಸಿನಹಣ್ಣನ್ನು ಹೊರಗಿನಿಂದ ನೋಡಿ ತೊಳೆ ಎಣಿಸಿದ ಹಾಗೆ.
ಅತಿ ಹೆಚ್ಚು ಹೇಳಿದವರಿಗೇ ಹಣ್ಣು.

ಒಂದು ಜಾಗದ ನಿಜ ಬೆಲೆ 100 ಕೋಟಿ ಅಂದುಕೊಳ್ಳಿ.
ಐದು ಕಂಪನಿಗಳ ಅಂದಾಜು 60, 80, 100, 120, 140.
ಸರಾಸರಿ ಸರಿಯಾಗಿಯೇ ಇದೆ.
ಆದರೆ ಎಲ್ಲರೂ ಅಂದಾಜಿನಷ್ಟೇ ಬರೆದರೆ, ಗೆಲ್ಲೋದು 140.
ಬರೆದಷ್ಟೇ ಕಟ್ಟುವ ನಿಯಮವಿದ್ದರೆ, 40 ಕೋಟಿ ನಷ್ಟ.
ಇದೇ ಗೆದ್ದವರ ಶಾಪ.

ಗೆದ್ದವರು ಎರಡನೇ ಬಿಡ್‌ನಷ್ಟು ಮಾತ್ರ ಕಟ್ಟಿದರೆ ಸಾಕಲ್ಲ, ಅಂತೀರಾ?
ಸಾಲದು. 120 ಕೂಡ ತಪ್ಪು ಅಂದಾಜೇ. ಇನ್ನೂ 20 ಕೋಟಿ ನಷ್ಟ.

ಹಾಗಾದರೆ ನಿಯಮ ಬದಲಾದರೆ ಏನು ಬದಲಾಗುತ್ತೆ?
ಬರೆದಷ್ಟೇ ಕಟ್ಟುವ ಹರಾಜಿನಲ್ಲಿ ಎರಡು ಕಡಿತ ಬೇಕು.
ಒಂದು, ಅಂದಾಜು ಅತಿಯಾಗಿರಬಹುದು ಅಂತ.
ಇನ್ನೊಂದು, ಲಾಭ ಉಳೀಲಿ ಅಂತ.
ಎರಡನೇ ಬೆಲೆಯ ಹರಾಜಿನಲ್ಲಿ ಲಾಭಕ್ಕಾಗಿ ಕಡಿತ ಬೇಡ.
ನೀವು ಕಟ್ಟುವ ಮೊತ್ತ ನಿರ್ಧರಿಸೋದು ಬೇರೆಯವರ ಬಿಡ್.
ಅಂದಾಜಿನ ಕಡಿತ ಮಾತ್ರ ಇಲ್ಲೂ ಬೇಕು.

ಬಳಸೋಕೆ ಅಂತಲೇ ಕೊಳ್ಳುವ ವಸ್ತುವಾದರೆ ಮಾತು ಬೇರೆ.
ಅದರ ಬೆಲೆ ನಿಮಗಷ್ಟೇ ಗೊತ್ತು.
ಅಲ್ಲಿ ಎರಡನೇ ಬೆಲೆಯ ನಿಯಮವಿದ್ದರೆ, ಮನಸ್ಸಿನಲ್ಲಿರುವ ಪೂರ್ತಿ ಬೆಲೆ ಬರೆಯಿರಿ.
1961ರಲ್ಲೇ ವಿಲಿಯಂ ವಿಕ್ರಿ ಇದನ್ನು ತೋರಿಸಿದ್ದರು.

ಬಿಡ್ ಬರೆಯುವ ಮುಂಚೆ ಕೇಳಿಕೊಳ್ಳಿ:
ಉಳಿದವರೆಲ್ಲ ನನಗಿಂತ ಕಡಿಮೆ ಅಂದಾಜು ಮಾಡಿದ್ದಾರೆ ಅಂತ ಗೊತ್ತಾದರೂ,
ಇಷ್ಟೇ ಬರೀತೀನಾ?